ಭೋಂಗಾ ಕೂಗಿದರೆ ಸಮುದ್ರಕ್ಕೆ ಬೆನ್ನು ಮಾಡಿ

ಕೇಳುಗ ಬಂಧುಗಳಿಗೆ ನಮಸ್ಕಾರ.

ಬಾಗಲಕೋಟೆಯಲ್ಲಿ ಕುಳಿತು ಸುನಾಮಿಯ ಮಾತೇಕೆ ಎಂದು ನೀವು ಕೇಳಬಹುದು. ನಮ್ಮ ಊರು ಸಮುದ್ರಮಟ್ಟದಿಂದ 500 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಯಾವ ಅಲೆಯೂ ಇಲ್ಲಿಗೆ ಬರುವುದಿಲ್ಲ. ಆದರೆ ನಮ್ಮ ಮಂದಿ ಅಲ್ಲಿದ್ದಾರೆ. ಬಾದಾಮಿ, ಹುನಗುಂದ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ದುಡಿಯಲು ಗೋವಾಕ್ಕೆ ಹೋದ ಕುಟುಂಬಗಳು ದಂಡೆಯ ಹತ್ತಿರವೇ ಬಾಡಿಗೆ ಖೋಲಿಗಳಲ್ಲಿ ಸಂಸಾರ ಹೂಡಿವೆ. ಬೆಳಗಾವಿಯ ಹೆಣ್ಣುಮಕ್ಕಳು ಕಾರವಾರ, ಅಂಕೋಲೆಗೆ ಸೊಸೆಯರಾಗಿ ಹೋಗಿದ್ದಾರೆ. ನಾನು ಇಂದು ಮಾತನಾಡುತ್ತಿರುವುದು ಅವರಿಗಾಗಿ, ಮತ್ತು ರಾತ್ರಿ ಊಟವಾದ ಮೇಲೆ ಅವರಿಗೆ ಫೋನ್ ಮಾಡುವ ನಿಮಗಾಗಿ.

ಹೇಳಬೇಕಾದದ್ದು ಒಂದೇ ಮಾತು. ನೋಡಲು ನಿಲ್ಲಬೇಡಿ, ಎತ್ತರಕ್ಕೆ ನಡೆಯಿರಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಾವು ಹೊಳೆಯ ದಂಡೆಯ ಜನ. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಮಹಾಪೂರ ನಮಗೆ ಗೊತ್ತು. 2019ರ ಆಗಸ್ಟ್ ತಿಂಗಳನ್ನು ಯಾರೂ ಮರೆತಿಲ್ಲ. ಹೊಳೆಗೆ ನೀರು ಬಂತೆಂದರೆ ನಾವು ಮೊದಲು ಮಾಡುವ ಕೆಲಸ ಸೇತುವೆಯ ಮೇಲೆ ಹೋಗಿ ನೋಡುವುದು. ಆಮೇಲೆ ದನ ಬಿಚ್ಚುತ್ತೇವೆ, ಜೋಳದ ಚೀಲ ಅಟ್ಟಕ್ಕೇರಿಸುತ್ತೇವೆ, ಕಾಗದಪತ್ರ ಹುಡುಕುತ್ತೇವೆ. ಅಷ್ಟಕ್ಕೆ ಸಮಯ ಸಿಗುತ್ತದೆ, ಏಕೆಂದರೆ ಹೊಳೆಯ ನೀರು ಹೆಚ್ಚಾಗಿ ಗೇಣು ಗೇಣಾಗಿ ಏರುತ್ತದೆ. ಸುನಾಮಿ ಹಾಗೆ ಬರುವುದಿಲ್ಲ. ಸಮುದ್ರದ ತಳದ ನೆಲ ಒಮ್ಮೆಲೇ ಮೇಲೆದ್ದಾಗ ಅದರ ಮೇಲಿನ ನೀರೆಲ್ಲ ತಳದಿಂದ ಮೇಲಿನವರೆಗೆ ಅಲುಗುತ್ತದೆ. ನಾಲ್ಕು ಕಿಲೋಮೀಟರ್ ಆಳವಿರುವಲ್ಲಿ ಆ ಅಲೆ ಗಂಟೆಗೆ ಸುಮಾರು 700 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ದಂಡೆಯ ಬಳಿ, ಹತ್ತು ಮೀಟರ್ ಆಳದಲ್ಲಿ, ಅದರ ವೇಗ 36 ಕಿಲೋಮೀಟರಿಗೆ ಇಳಿಯುತ್ತದೆ. ಹಿಂದಿನಿಂದ ಬರುವ ನೀರು ಮುಂದಿನದರ ಮೇಲೆ ಒತ್ತಿಕೊಂಡು ಅಲೆ ಎತ್ತರವಾಗುತ್ತದೆ. 36 ಕಿಲೋಮೀಟರ್ ಎಂದರೆ ಸೈಕಲ್ ತುಳಿಯುವವನಿಗೂ ಮೀರಿದ ವೇಗ. ಅಲೆ ಕಣ್ಣಿಗೆ ಕಂಡ ಮೇಲೆ ಓಡಿ ಗೆಲ್ಲುವ ಮಾತಿಲ್ಲ. ಹೊಳೆಯ ಬುದ್ಧಿಯನ್ನು ಸಮುದ್ರದ ದಂಡೆಗೆ ಒಯ್ಯಬೇಡಿ.

ಇದನ್ನು ನನಗೆ ಕಲಿಸಿದ್ದು ಸಿಮೆಲುಯೆ ಎಂಬ ಒಂದು ದ್ವೀಪ. ಮೂವತ್ತು ವರ್ಷ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿದ ನಾನು 2004ರ ನಂತರ ಯಾವ ತರಗತಿಯಲ್ಲೂ ಈ ದ್ವೀಪದ ಕತೆಯನ್ನು ಬಿಟ್ಟವನಲ್ಲ. ಇಂಡೋನೇಷ್ಯಾದ ಸುಮಾತ್ರಾಕ್ಕೆ ಪಶ್ಚಿಮದಲ್ಲಿ ಆ ದ್ವೀಪವಿದೆ. ಅಲ್ಲಿ 1907ರಲ್ಲಿ ದೊಡ್ಡ ಭೂಕಂಪವಾಯಿತು, ಹಿಂದೆಯೇ ಸಮುದ್ರ ನುಗ್ಗಿ ಬಹಳ ಜನ ಸತ್ತರು. ಉಳಿದವರು ಆ ಅಲೆಗೆ ಒಂದು ಹೆಸರಿಟ್ಟುಕೊಂಡಿದ್ದರು: ಸ್ಮೊಂಗ್. ಅಜ್ಜಿಯರು ಮೊಮ್ಮಕ್ಕಳಿಗೆ ಅದರ ಕತೆ ಹೇಳಿದರು, ತೊಟ್ಟಿಲು ತೂಗುತ್ತ ಹಾಡಿದರು. ನೆಲ ಜೋರಾಗಿ ನಡುಗಿತೇ, ಸಮುದ್ರ ಹಿಂದೆ ಸರಿಯಿತೇ, ಗುಡ್ಡ ಹತ್ತು. ಕತೆಯ ತಿರುಳು ಇಷ್ಟೇ.

ಹೀಗೆ 97 ವರ್ಷ ಕಳೆದವು. 2004ರ ಡಿಸೆಂಬರ್ 26, ಭಾನುವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಆರೂವರೆಗೆ ಸುಮಾತ್ರಾದ ಬಳಿ ಸಮುದ್ರದ ತಳದಲ್ಲಿ 9.1 ಪ್ರಮಾಣದ ಭೂಕಂಪವಾಯಿತು. ಸಿಮೆಲುಯೆ ಅದಕ್ಕೆ ತೀರ ಹತ್ತಿರ. ಅಲ್ಲಿ ಯಾವ ಸೈರನ್ನೂ ಇರಲಿಲ್ಲ, ರೇಡಿಯೋ ಸೂಚನೆಯೂ ಬರಲಿಲ್ಲ. ನೆಲದ ನಡುಕ ನಿಲ್ಲುತ್ತಲೇ ಜನ ‘ಸ್ಮೊಂಗ್, ಸ್ಮೊಂಗ್’ ಎಂದು ಕೂಗುತ್ತ ಮಕ್ಕಳನ್ನು ಎತ್ತಿಕೊಂಡು, ಮುದುಕರ ಕೈ ಹಿಡಿದು ಗುಡ್ಡ ಹತ್ತಿದರು. ದ್ವೀಪದ ಉತ್ತರ ತುದಿಯಲ್ಲಿ ಲಾಂಗಿ ಎಂಬ ಹಳ್ಳಿಯಿದೆ. ಸುಮಾರು ಎಂಟು ನಿಮಿಷಗಳಲ್ಲಿ ಅಲ್ಲಿಗೆ ಅಲೆ ಬಂದು ಮನೆಗಳನ್ನು ಅಡಿಪಾಯದವರೆಗೆ ಗುಡಿಸಿಹಾಕಿತು. ಹಳ್ಳಿಯ ಜನ ಸುಮಾರು ಎಂಟು ನೂರು. ಎಲ್ಲರೂ ಉಳಿದರು. ಇಡೀ ದ್ವೀಪದ ಜನಸಂಖ್ಯೆ ಸುಮಾರು 78 ಸಾವಿರ. ಸತ್ತವರು ಏಳು ಜನ. ಅದೇ ಬೆಳಿಗ್ಗೆ, ಅದೇ ಅಲೆಗಳಿಂದ, ಎದುರಿನ ಸುಮಾತ್ರಾದ ಅಚೇ ಎಂಬ ಪ್ರಾಂತ್ಯದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಹೋದರು. ನಮ್ಮ ನಾಗಪಟ್ಟಣಕ್ಕೆ ಅಲೆ ಮುಟ್ಟಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಆದರೂ ಅಲ್ಲಿ ಸಾವಿರಾರು ಜನ ಸತ್ತರು, ಏಕೆಂದರೆ ಬರುತ್ತಿದೆ ಎಂದು ಅವರಿಗೆ ಹೇಳುವವರಿರಲಿಲ್ಲ. ಎಂಟು ನಿಮಿಷ ಸಿಕ್ಕವರು ಉಳಿದರು, ಎರಡು ಗಂಟೆ ಇದ್ದವರು ಉಳಿಯಲಿಲ್ಲ. ಇದನ್ನು ಹೇಳುವಾಗ ಇಂದಿಗೂ ನನ್ನ ಗಂಟಲು ಕಟ್ಟುತ್ತದೆ.

ಇನ್ನು ಕಾರವಾರ, ಗೋವಾಗಳ ಮಾತಿಗೆ ಬರುತ್ತೇನೆ. ಅಲ್ಲಿಗೂ ಸಿಮೆಲುಯೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅರಬ್ಬೀ ಸಮುದ್ರದಲ್ಲಿ ಸುನಾಮಿ ಹುಟ್ಟುವ ಮುಖ್ಯ ಜಾಗ ಪಾಕಿಸ್ತಾನ, ಇರಾನ್ ಕರಾವಳಿಯ ಮಕ್ರಾನ್. 1945ರ ನವೆಂಬರ್ 28ರ ನಸುಕಿನಲ್ಲಿ ಅಲ್ಲಿ 8.1 ಪ್ರಮಾಣದ ಭೂಕಂಪವಾಯಿತು. ಮುಂಬೈಗೆ ಅಲೆ ಬಂದದ್ದು ಬೆಳಿಗ್ಗೆ ಎಂಟು ಗಂಟೆ ಕಳೆದ ಮೇಲೆ, ಅಂದರೆ ಸುಮಾರು ಐದು ಗಂಟೆಗಳ ನಂತರ. ಅಲ್ಲೂ ಜನ ಸತ್ತರು. ಅದರ ಪರಿಣಾಮ ಕಾರವಾರದವರೆಗೆ ಕಾಣಿಸಿತು. ಇಷ್ಟು ದೂರದಲ್ಲಿ ನೆಲ ನಡುಗಿದರೆ ಕಾರವಾರದ ಅಡುಗೆಮನೆಯಲ್ಲಿ ಒಂದು ಲೋಟವೂ ಅಲುಗದಿರಬಹುದು. ಮೊದಲ ಎಚ್ಚರಿಕೆ ನಮ್ಮ ಮಂದಿಯ ಕಾಲಿಗೆ ತಟ್ಟುವುದೇ ಇಲ್ಲ. ಸಮುದ್ರ ದೂರ ಹಿಂದೆ ಸರಿದು ತಳ ಬತ್ತಲಾಗುವುದು, ಅಥವಾ ಭರತದ ಹೊತ್ತಲ್ಲದ ಹೊತ್ತಿನಲ್ಲಿ ನೀರು ಏರುವುದು, ರೈಲಿನಂತೆ ಮೊರೆಯುವುದು, ಇವು ಕಾಣುವಾಗ ಉಳಿದಿರುವುದು ಕೆಲವೇ ನಿಮಿಷ. ಸಮುದ್ರ ಯಾವಾಗಲೂ ಹಿಂದೆ ಸರಿದೇ ಬರುತ್ತದೆ ಎಂಬ ನಿಯಮವೂ ಇಲ್ಲ. ಅಲೆಯ ಉಬ್ಬು ಮೊದಲು ಬಂದರೆ ನೀರು ನೇರವಾಗಿ ಏರುತ್ತದೆ, ತಗ್ಗು ಮೊದಲು ಬಂದರೆ ಹಿಂದೆ ಸರಿಯುತ್ತದೆ. ಸರಿದಾಗ ಮೀನು ಆರಿಸಲು ಇಳಿದ ಮಕ್ಕಳು ಎಷ್ಟೋ ಕಡೆ ಮರಳಿ ಬರಲಿಲ್ಲ. ನೋಡಲು ನಿಲ್ಲಬೇಡಿ ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಆದ್ದರಿಂದ ನಮ್ಮ ಪಶ್ಚಿಮ ಕರಾವಳಿಯಲ್ಲಿ ನೆಲ ಮಾಡಬೇಕಾದ ಕೆಲಸವನ್ನು ಸೈರನ್ ಮಾಡುತ್ತದೆ. ನಮ್ಮ ಕಡೆ ಭೋಂಗಾ ಎಂದರೆ ಸಕ್ಕರೆ ಕಾರ್ಖಾನೆಯ ಪಾಳಿ ಬದಲಾಯಿತು ಎಂದು ಅರ್ಥ. ಕೇಳಿ ಗಡಿಯಾರ ನೋಡುತ್ತೇವೆ. ದಂಡೆಯ ಭೋಂಗಾಕ್ಕೆ ಆ ಅರ್ಥವಿಲ್ಲ. ಅಣೆಕಟ್ಟೆಯ ಗೇಟು ತೆರೆಯುವ ಮುನ್ನ ಕೂಗುವ ಸೈರನ್ನಿಗೆ ಅದನ್ನು ಹೋಲಿಸಿ: ಪಾತ್ರದಿಂದ ಮೇಲೆ ಬಾ, ಈಗಲೇ ಬಾ. ಹೈದರಾಬಾದಿನಲ್ಲಿ 2007ರಿಂದ ಹಗಲಿರುಳು ಕೆಲಸ ಮಾಡುವ ಭಾರತೀಯ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವಿದೆ. ದೊಡ್ಡ ಭೂಕಂಪವಾದ ಹತ್ತು ನಿಮಿಷದೊಳಗೆ ಅಲ್ಲಿಂದ ಮೊದಲ ಸೂಚನೆ ಹೊರಡುತ್ತದೆ. ಅದು ರಾಜ್ಯಕ್ಕೆ, ಜಿಲ್ಲಾಡಳಿತಕ್ಕೆ ಮುಟ್ಟಿ ಸೈರನ್, ಧ್ವನಿವರ್ಧಕ, ಮೊಬೈಲ್ ಸಂದೇಶಗಳಾಗಿ ನಿಮ್ಮ ಬಾಗಿಲಿಗೆ ಬರುತ್ತದೆ. ಕೂಗಿನ ಏರಿಳಿತ ಎಲ್ಲ ಊರಿಗೂ ಒಂದೇ ಎಂದು ತಿಳಿಯಬೇಡಿ. ನಿಮ್ಮ ಪಂಚಾಯಿತಿಯಲ್ಲಿ ಒಮ್ಮೆ ಕೇಳಿಟ್ಟುಕೊಳ್ಳಿ. ಒಂದು ಮಾತು ಮಾತ್ರ ಗಟ್ಟಿ: ಸೈರನ್ ನಿಂತಿತು ಎಂದರೆ ಅಪಾಯ ಹೋಯಿತು ಎಂದಲ್ಲ. ಅಪಾಯ ಮುಗಿಯಿತೆಂದು ಅಧಿಕಾರಿಗಳು ಬಾಯಿಬಿಟ್ಟು ಸಾರಬೇಕು, ಅಲ್ಲಿಯವರೆಗೆ ಇಳಿಯಬಾರದು.

ಕೂಗಿದ ಮೇಲೆ ಅಲೆ ಬಾರದಿದ್ದರೆ ಎಂದು ಕೇಳುವವರಿದ್ದಾರೆ. ಹಾಗಾದದ್ದೂ ಇದೆ. 2012ರ ಏಪ್ರಿಲ್ 11ರಂದು ಸುಮಾತ್ರಾದ ಬಳಿ 8.6 ಪ್ರಮಾಣದ ಭೂಕಂಪವಾಗಿ ನಮ್ಮ ಪೂರ್ವ ಕರಾವಳಿಯಲ್ಲಿ ಜನರನ್ನು ದಂಡೆಯಿಂದ ಎಬ್ಬಿಸಿದರು. ದೊಡ್ಡ ಅಲೆ ಬರಲಿಲ್ಲ. ಆ ದಿನ ನೆಲ ಮೇಲೆ ಏಳುವ ಬದಲು ಪಕ್ಕಕ್ಕೆ ಜಾರಿತ್ತು, ನೀರನ್ನು ಎತ್ತಲಿಲ್ಲ. ಭೂಕಂಪ ಎಷ್ಟು ದೊಡ್ಡದು ಎಂಬುದು ನಿಮಿಷಗಳಲ್ಲಿ ತಿಳಿಯುತ್ತದೆ. ನೀರು ಎಷ್ಟು ಎದ್ದಿದೆ ಎಂಬುದು ಸಮುದ್ರದಲ್ಲಿಟ್ಟ ಮಾಪಕಗಳು ಹೇಳಿದ ಮೇಲೆಯೇ ಖಚಿತವಾಗುವುದು. ಆ ನಡುವಿನ ಹೊತ್ತನ್ನು ಗುಡ್ಡದ ಮೇಲೆ ಕಳೆಯಬೇಕು.

ಹೇಗೆ ಹೊರಡಬೇಕು ಎಂಬುದಕ್ಕೆ ನನ್ನ ತಂಗಿಯ ಮನೆಯ ಉದಾಹರಣೆ ಕೊಡುತ್ತೇನೆ. ಕಾರವಾರದ ಹತ್ತಿರ, ದಂಡೆಯಿಂದ ಇನ್ನೂರು ಹೆಜ್ಜೆಯಲ್ಲಿ ಅವಳ ಮನೆ. ಮೂರು ವರ್ಷದ ಹಿಂದೆ ಹೋದಾಗ, ‘ಈಗ ಸೈರನ್ ಕೂಗಿದೆ ಎಂದುಕೊಂಡು ಎಲ್ಲರೂ ಹೊರಡಿ’ ಎಂದು ಗಡಿಯಾರ ಹಿಡಿದೆ. ಗುಡ್ಡ ಮುಟ್ಟಲು 26 ನಿಮಿಷ ಬೇಕಾಯಿತು. ಅದರಲ್ಲಿ 14 ನಿಮಿಷ ಮನೆಯೊಳಗೇ ಹೋಯಿತು: ಅವಳ ಅತ್ತೆಯವರ ಕನ್ನಡಕ, ಕಪಾಟಿನ ಕೀಲಿ, ಪೇಟೆಯಲ್ಲಿದ್ದ ಭಾವನವರಿಗೆ ಫೋನ್. ಹೊರಬಿದ್ದ ಮೇಲೆ ಅವರು ದಿನವೂ ಓಡಾಡುವ ದಂಡೆಯ ರಸ್ತೆ ಹಿಡಿದರು. ಅದು ಸಮುದ್ರದ ಗುಂಟವೇ ಹೋಗುತ್ತದೆ. ಎಷ್ಟು ನಡೆದರೂ ನೀರಿಗೆ ಅಷ್ಟೇ ಹತ್ತಿರ. ಮನೆಯ ಹಿಂದಿನ ಓಣಿ ಹೆದ್ದಾರಿ ದಾಟಿ ನೇರವಾಗಿ ಗುಡ್ಡದ ಮೆಟ್ಟಿಲಿಗೆ ಹೋಗುತ್ತಿತ್ತು, ಯಾರಿಗೂ ನೆನಪಾಗಲಿಲ್ಲ.

ಅಂದೇ ಬಾಗಿಲ ಹಿಂದೆ ಒಂದು ಚೀಲ ತೂಗುಹಾಕಿದೆವು: ಅತ್ತೆಯವರ ಮಾತ್ರೆ, ಇನ್ನೊಂದು ಕನ್ನಡಕ, ಬ್ಯಾಟರಿ, ನೀರು, ಕಾಗದಗಳ ನಕಲು. ಯಾರು ಎಲ್ಲೇ ಇದ್ದರೂ ಪರಸ್ಪರ ಹುಡುಕದೆ ಗುಡ್ಡದ ಮೇಲಿನ ದೇವಸ್ಥಾನದ ಕಟ್ಟೆಗೆ ಬರಬೇಕೆಂದು ಗೊತ್ತುಮಾಡಿದೆವು. ಮರುದಿನ ಮತ್ತೆ ಗಡಿಯಾರ ಹಿಡಿದೆ. ಒಂಬತ್ತು ನಿಮಿಷ. ಎಪ್ಪತ್ತು ದಾಟಿದ ಆ ಅತ್ತೆಯವರು ಮೊಮ್ಮಗನ ಭುಜ ಹಿಡಿದು ಮೆಟ್ಟಿಲೇರಿ, ‘ಮಾಸ್ತರರೇ, ನಿನ್ನೆ ನಾವು ಸತ್ತಿದ್ದೆವಲ್ಲ’ ಎಂದರು.

ಸಮಯ ಮುಗಿಯುತ್ತ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮೂವತ್ತು ಮೀಟರ್ ಎತ್ತರ, ಇಲ್ಲವೇ ಮೂರು ಕಿಲೋಮೀಟರ್ ಒಳನಾಡು, ಇವುಗಳಲ್ಲಿ ಹತ್ತಿರದ್ದಕ್ಕೆ ಹೋಗಿ. ನಡೆದೇ ಹೋಗಿ, ವಾಹನಗಳು ಓಣಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಕಾಳಿಯಂಥ ಹೊಳೆಗಳ ಅಳಿವೆಯಿಂದ ದೂರವಿರಿ, ಅಲೆ ಹೊಳೆಯೊಳಗೂ ನುಗ್ಗುತ್ತದೆ. ಹೊತ್ತೇ ಇಲ್ಲದಿದ್ದರೆ ಗಟ್ಟಿ ಕಾಂಕ್ರೀಟ್ ಕಟ್ಟಡದ ಮೂರನೆಯ ಅಂತಸ್ತು ಅಥವಾ ಅದಕ್ಕೂ ಮೇಲೆ ಹತ್ತಿ. ದಕ್ಕೆಯಲ್ಲಿ ಕಟ್ಟಿದ ದೋಣಿಯನ್ನು ಬಿಡಿಸಲು ಹೋಗಬೇಡಿ. ಆಳ ಸಮುದ್ರದಲ್ಲಿರುವವರು ದಂಡೆಗೆ ಮರಳಬೇಡಿ. ಮೊದಲ ಅಲೆ ಸಣ್ಣದಾಗಿ ಬಂದು ಹೋದರೆ ಮನೆಯ ಸಾಮಾನು ನೋಡಲು ಇಳಿಯಬೇಡಿ. ಎರಡನೆಯದು, ಮೂರನೆಯದು ದೊಡ್ಡದಿರಬಹುದು, ನಡುವೆ ಒಂದು ಗಂಟೆಯವರೆಗೆ ಅಂತರವೂ ಇರಬಹುದು.

ಗೋವಾದಲ್ಲಿ, ಕಾರವಾರದಲ್ಲಿ ನಿಮ್ಮವರಿದ್ದರೆ ಇಂದು ರಾತ್ರಿಯ ಫೋನಿನಲ್ಲಿ ಕೇಳಿ: ಮನೆಯಿಂದ ಗುಡ್ಡಕ್ಕೆ ಯಾವ ಓಣಿ, ಎಷ್ಟು ನಿಮಿಷ? ಅವರು ತಡವರಿಸಿದರೆ, ನಾಳೆ ಬೆಳಿಗ್ಗೆ ಮಕ್ಕಳು ಮುದುಕರೊಡನೆ ಒಮ್ಮೆ ನಡೆದು ನೋಡಿ ಮರಳಿ ಫೋನ್ ಮಾಡಲು ಹೇಳಿ. ನಮಸ್ಕಾರ.