ಅಮ್ಮನ ಶುಗರ್ ಗ್ರಾಫ್: ಮೊದಲು ಕೆಳಗೆ ನೋಡಿ

ನಮಸ್ಕಾರ. ತೋಳಿನ ಹಿಂಭಾಗಕ್ಕೆ ಅಂಟಿಸುವ ಶುಗರ್ ಸೆನ್ಸರ್ ನೀವು ನೋಡಿರಬಹುದು. ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಬಿಳಿ ಬಿಲ್ಲೆ. 14 ದಿನ ಅಲ್ಲೇ ಇರುತ್ತದೆ, ಹಗಲೂ ರಾತ್ರಿ ಶುಗರ್ ಬರೆದುಕೊಳ್ಳುತ್ತದೆ. ಆಮೇಲೆ ಕೈಗೆ ಒಂದು ಗ್ರಾಫ್ ಬರುತ್ತದೆ. ಡಾಕ್ಟರು ಅದನ್ನು ಅರ್ಧ ನಿಮಿಷ ನೋಡಿ ಎರಡು ಮಾತು ಹೇಳುತ್ತಾರೆ. ಮನೆಗೆ ಬಂದ ಮೇಲೆ ಅಪ್ಪನೋ ಅಮ್ಮನೋ ಕೇಳುತ್ತಾರೆ, "ಇದರಲ್ಲಿ ಏನಿದೆಯೋ, ನನಗೂ ಸ್ವಲ್ಪ ಹೇಳೋ." ಅಲ್ಲಿ ನಮಗೆ ತಡವರಿಕೆ ಶುರು.

ನಾನು ಶುಗರ್ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವಳು, ದಿನವೂ ಇಂಥ ಗ್ರಾಫ್ ನೋಡುವವಳು. ಆದರೂ ಇವತ್ತು ಹೇಳುವುದು ನನ್ನ ಅಮ್ಮನ ಗ್ರಾಫಿನ ಕತೆ. ಅಮ್ಮನಿಗೆ 74. ಬೆಳಿಗ್ಗೆ ತಿಂಡಿಯ ಜೊತೆ ಎರಡು ಮಾತ್ರೆ, ಒಂದು ಮೆಟ್‌ಫಾರ್ಮಿನ್, ಇನ್ನೊಂದು ಗ್ಲಿಮೆಪಿರೈಡ್. ಈ ಎರಡನೆಯ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರೇಡಿಯೋದಲ್ಲಿ ಚಿತ್ರ ತೋರಿಸಲು ಆಗಲ್ಲ. ಹಾಗಾಗಿ ಒಂದು ಹಾಳೆ, ಪೆನ್ನು ತಗೊಳ್ಳಿ. ಹಾಳೆಯನ್ನು ಅಡ್ಡ ಇಟ್ಟುಕೊಳ್ಳಿ. ಕೆಳಗಿನ ಅಂಚಿನಲ್ಲಿ ಎಡದಿಂದ ಬಲಕ್ಕೆ ಹೊತ್ತು ಬರೆಯಿರಿ: ಮಧ್ಯರಾತ್ರಿ, ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6, ಮತ್ತೆ ಮಧ್ಯರಾತ್ರಿ. ಎಡಗಡೆ ಕೆಳಗಿನಿಂದ ಮೇಲಕ್ಕೆ ಶುಗರ್ ಅಂಕಿ. 70ರ ಹತ್ತಿರ ಒಂದು ಗೆರೆ, 180ರ ಹತ್ತಿರ ಇನ್ನೊಂದು ಗೆರೆ. ಲ್ಯಾಬ್ ರಿಪೋರ್ಟಿನಲ್ಲಿ ಬರುವ ಅದೇ ಲೆಕ್ಕ ಇದು, ಬೇರೆ ಅಲ್ಲ. ಈ ಎರಡು ಗೆರೆಯ ನಡುವಿನ ಜಾಗಕ್ಕೆ ಹಸಿರು ಸ್ಕೆಚ್ ಪೆನ್ ಬಳಿಯಿರಿ. ಕಂಪ್ಯೂಟರಿನಲ್ಲಿ ಅದು ಹಸಿರಾಗಿಯೇ ಇರುತ್ತದೆ, ಆದರೆ ನಮಗೆ ಕೊಡುವ ಪ್ರಿಂಟ್ ಕಪ್ಪು ಬಿಳುಪು, ಎಲ್ಲ ಬೂದಿ ಬಣ್ಣ. ಪೊರೆ ಬಂದ ಕಣ್ಣಿಗೆ ಅದು ಏನೂ ಕಾಣಲ್ಲ. ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ, ಹಸಿರು ನೀವೇ ಬಳಿದು ಕೊಡಿ. ಅರ್ಧ ಕೆಲಸ ಮುಗಿಯಿತು.

ಅಮ್ಮ ಕೇಳಿದ ಮೊದಲ ಪ್ರಶ್ನೆ, "ಇದು ಯಾವತ್ತಿನದು ಕಣೇ?" ಒಳ್ಳೇ ಪ್ರಶ್ನೆ. ಯಾಕೆಂದರೆ ಗ್ರಾಫಿನಲ್ಲಿ ಹೊತ್ತು ಇದೆ, ತಾರೀಖು ಇಲ್ಲ. 14 ದಿನವನ್ನೂ ಒಂದರ ಮೇಲೊಂದು ಇಟ್ಟು ಒಂದೇ ದಿನದ ಹಾಗೆ ತೋರಿಸಿರುತ್ತಾರೆ. ನಾನು ಅಮ್ಮನಿಗೆ ಊರಿನ ಗದ್ದೆ ಮಧ್ಯದ ಕಾಲುದಾರಿ ನೆನಪಿಸಿದೆ. ದಿನಾ ಓಡಾಡುವವರು ಹೆಚ್ಚಾಗಿ ತುಳಿಯುವ ಕಡೆ ಮಣ್ಣು ಸವೆದು ದಾರಿ ಎದ್ದು ಕಾಣುತ್ತೆ, ಯಾವತ್ತೋ ಒಬ್ಬರು ಪಕ್ಕಕ್ಕೆ ಇಳಿದು ಹೋದ ಕಡೆ ಹುಲ್ಲು ಸುಮ್ನೆ ಸ್ವಲ್ಪ ಮಲಗಿರುತ್ತೆ, ಅಲ್ವಾ? ಗ್ರಾಫಿನಲ್ಲೂ ಹಾಗೇ. ನಡುವೆ ಒಂದು ದಪ್ಪ ಗೆರೆ. ಅದರ ಆಚೆ ಈಚೆ ಗಾಢ ಬಣ್ಣದ ಪಟ್ಟಿ, ಅಂದರೆ 14ರಲ್ಲಿ ಹೆಚ್ಚುಕಡಿಮೆ 7 ದಿನ ಶುಗರ್ ಓಡಾಡಿದ ಜಾಗ. ಅದರ ಹೊರಗೆ ತೆಳು ಬಣ್ಣದ ಪಟ್ಟಿ, ಅಲ್ಲಿಗೆ ಶುಗರ್ ಹೋಗಿದ್ದು ಅದಕ್ಕಿಂತ ಕಡಿಮೆ ದಿನ, ಅದರ ಅಂಚಿನ ತನಕ ಹೋಗಿದ್ದು ಅಪರೂಪಕ್ಕೆ, ಒಂದೆರಡು ದಿನ.

"ಆಯ್ತು, ಗೆರೆ ಮೇಲೆ ಹೋದರೆ ಒಳ್ಳೇದಾ?" ಅಂದರು ಅಮ್ಮ. ನಗಬೇಡಿ. ಮಾರ್ಕ್ಸ್ ಆಗಲಿ, ಬ್ಯಾಂಕಿನ ಪಾಸ್‌ಬುಕ್ ಆಗಲಿ, ಏರಿದ್ದೆಲ್ಲ ಒಳ್ಳೇದು ಎಂದೇ ಅವರು ಬದುಕಿನುದ್ದಕ್ಕೂ ನೋಡಿದ್ದು. ಇಲ್ಲಿ ಮೇಲೂ ಬೇಡ, ಕೆಳಗೂ ಬೇಡ, ಹಸಿರಿನಲ್ಲಿ ಇರಲಿ ಎಂದು ಬೆರಳಿಟ್ಟು ತೋರಿಸಿದೆ.

ಈಗ ನಾವು ಮಕ್ಕಳು ಮಾಡುವ ಕೆಲಸಕ್ಕೆ ಬರೋಣ. ಗ್ರಾಫ್ ಕೈಗೆ ಬಂದ ತಕ್ಷಣ ನಮ್ಮ ಕಣ್ಣು ಹೋಗುವುದು ಮೇಲಿನ ಗುಡ್ಡಕ್ಕೆ. ಅಮ್ಮನದರಲ್ಲೂ ಒಂದು ಗುಡ್ಡ ಇತ್ತು. ಎಂಟೂವರೆಗೆ ಇಡ್ಲಿ ತಿಂದರೆ ಹತ್ತೂವರೆ ಹೊತ್ತಿಗೆ ದಪ್ಪ ಗೆರೆ 220ರ ಆಸುಪಾಸು. ನನ್ನ ತಮ್ಮ ನೋಡಿದವನೇ, "ಏನಮ್ಮಾ, ಕದ್ದು ಸಿಹಿ ತಿಂತೀಯಾ?" ಎಂದ. ಅಮ್ಮನ ಮುಖ ಸಣ್ಣದಾಯಿತು. ಸಿಹಿ ಅಲ್ಲ ಮಾರಾಯ, ಇಡ್ಲಿ! ಅಕ್ಕಿ ಬೇಗ ಶುಗರ್ ಆಗುತ್ತೆ, ಜೊತೆಗೆ ಬೆಳಗಿನ ಹೊತ್ತು ಮೈ ತಾನಾಗೇ ಸ್ವಲ್ಪ ಶುಗರ್ ಏರಿಸಿಕೊಳ್ಳುತ್ತೆ. ಆ ಗುಡ್ಡ ಮಧ್ಯಾಹ್ನ ಊಟದ ಹೊತ್ತಿಗೆ ಇಳಿದು ಹಸಿರಿಗೆ ಬರುತ್ತಿತ್ತು. ವಯಸ್ಸಾದವರಿಗೆ, ಬೇರೆ ತೊಂದರೆಗಳೂ ಇರುವವರಿಗೆ, ಗುರಿ ಸಡಿಲ ಇರಲಿ ಎಂದು 2019ರಲ್ಲಿ ಬೇರೆ ಬೇರೆ ದೇಶದ ತಜ್ಞರು ಸೇರಿ ಹೇಳಿದ್ದಾರೆ. ದಿನದ ಅರ್ಧಕ್ಕಿಂತ ಜಾಸ್ತಿ ಹೊತ್ತು ಹಸಿರಿನಲ್ಲಿದ್ದರೆ ಸಾಕು. 250 ದಾಟುವುದು ನೂರರಲ್ಲಿ 10 ಪಾಲಿಗಿಂತ ಕಡಿಮೆ ಇರಲಿ. ಆದರೆ 70ಕ್ಕಿಂತ ಕೆಳಗೆ? ಅದು ನೂರರಲ್ಲಿ 1 ಪಾಲಿಗಿಂತಲೂ ಕಡಿಮೆ. ದಿನಕ್ಕೆ ಕಾಲು ಗಂಟೆಯೂ ಅಲ್ಲ.

ಮೇಲೆ ಅಷ್ಟು ಸಡಿಲ, ಕೆಳಗೆ ಇಷ್ಟು ಬಿಗಿ. ಯಾಕೆ? ಸ್ವಲ್ಪ ಏರಿದ ಶುಗರ್ ಕೆಡುಕು ಮಾಡಲು ವರ್ಷಗಳು ಬೇಕು. ಇಳಿದ ಶುಗರ್ ಅವತ್ತೇ ತಲೆ ಸುತ್ತಿಸಿ ಬಚ್ಚಲಲ್ಲಿ ಬೀಳಿಸುತ್ತೆ, ಸೊಂಟದ ಮೂಳೆ ಮುರಿಯುತ್ತೆ. ಹಾಗಾಗಿ ಅಪ್ಪ ಅಮ್ಮನ ಗ್ರಾಫ್ ಓದುವಾಗ ಮೊದಲು ಕೆಳಗೆ ನೋಡಿ. ತೆಳು ಪಟ್ಟಿ 70ರ ಗೆರೆ ದಾಟಿ ಎಲ್ಲಾದರೂ ಇಳಿದಿದೆಯಾ?

ಅಮ್ಮನದರಲ್ಲಿ ಎರಡು ಕಡೆ ಇಳಿದಿತ್ತು. ಒಂದು ಮಧ್ಯಾಹ್ನ 3ರಿಂದ 5ರ ನಡುವೆ, ಇನ್ನೊಂದು ನಸುಕಿನ 3 ಗಂಟೆಗೆ.

ಮಧ್ಯಾಹ್ನದ್ದು ಮೊದಲು. ಅಲ್ಲಿ ಗಾಢ ಪಟ್ಟಿ ಆರಾಮಾಗಿ ಹಸಿರಿನಲ್ಲೇ ಇದೆ, ತೆಳು ಪಟ್ಟಿ ಮಾತ್ರ ಜೋತುಬಿದ್ದಿದೆ. ಅಂದರೆ ದಿನಾ ಆಗುವ ಸಂಗತಿ ಅಲ್ಲ, ಯಾವುದೋ ಒಂದು ದಿನದ್ದು. ಇಂಥ ಕಡೆ ರಿಪೋರ್ಟಿನ ಮುಂದಿನ ಹಾಳೆಗೆ ಹೋಗಬೇಕು, ಅಲ್ಲಿ ದಿನಕ್ಕೊಂದು ಸಣ್ಣ ಗ್ರಾಫ್ ತಾರೀಖಿನ ಜೊತೆ ಇರುತ್ತದೆ. ನೋಡಿದರೆ ಒಂದು ದಿನ ಮೂರರಿಂದ ಐದರ ತನಕ ಶುಗರ್ 70ರ ಕೆಳಗೆ, ನಾಲ್ಕು ಗಂಟೆಗೆ 58. ಕ್ಯಾಲೆಂಡರ್ ತೆಗೆದೆವು. ಅವತ್ತು ಏಕಾದಶಿ.

"ಅವತ್ತು ಏನು ತಿಂದಿದ್ದೆ ಅಮ್ಮ?"

"ಬೆಳಿಗ್ಗೆ ಒಂದು ಲೋಟ ಹಾಲು, ಒಂದು ಬಾಳೆಹಣ್ಣು. ಮಾತ್ರೆ ಮಾತ್ರ ತಪ್ಪಿಸಿಲ್ಲಮ್ಮ, ಎರಡೂ ತಗೊಂಡೆ."

"ಮಧ್ಯಾಹ್ನ ಏನಾದರೂ ಅನ್ನಿಸಿತಾ?"

"ಬೆವರು ಬಂತು, ಕೈ ಒಂಥರಾ ನಡುಗ್ತಿತ್ತು. ಉಪವಾಸ ಅಲ್ವಾ, ಸುಸ್ತು ಅಂತ ಮಲಗಿದೆ."

ಗ್ಲಿಮೆಪಿರೈಡ್ ಮಾತ್ರೆಗೆ ಏಕಾದಶಿ ಗೊತ್ತಿಲ್ಲ. ಹೊಟ್ಟೆಗೆ ಅನ್ನ ಬಂತೋ ಇಲ್ಲವೋ, ಅದು ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ, ಅದೂ ದಿನವಿಡೀ. ಮೆಟ್‌ಫಾರ್ಮಿನ್ ಒಂದೇ ತಗೊಳ್ಳುವವರಿಗೆ ಹೀಗೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಜಾತಿಯ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಮಾತ್ರ ಈ ಭಯ ನಿಜ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. 14 ದಿನ ಅಂದರೆ 336 ಗಂಟೆ. ಅದರಲ್ಲಿ ಅಮ್ಮನ ಶುಗರ್ 70ರ ಕೆಳಗಿದ್ದದ್ದು ಏಕಾದಶಿಯ ಆ 2 ಗಂಟೆ, ಮತ್ತೆ ನಸುಕಿನಲ್ಲಿ ಸ್ವಲ್ಪ ಹೊತ್ತು. ನೂರರಲ್ಲಿ 1 ಪಾಲೂ ಪೂರ್ತಿ ಆಗಲಿಲ್ಲ! ಅಂಕಿ ಮಾತ್ರ ನೋಡಿದರೆ "ಅಮ್ಮ, ನೀನು ಪಾಸು" ಎಂದು ಹೇಳಿಬಿಡುತ್ತಿದ್ದೆವು. ಏಕಾದಶಿ ತಿಂಗಳಿಗೆ ಎರಡು ಸಲ ಬರುತ್ತೆ, ಹಾಗಾಗಿ 14 ದಿನದ ಸೆನ್ಸರಿಗೆ ಸಾಮಾನ್ಯವಾಗಿ ಒಂದು ಸಿಕ್ಕೇ ಸಿಗುತ್ತೆ. ಸಂಕಷ್ಟಿ, ಶನಿವಾರದ ಒಪ್ಪೊತ್ತು, ರಂಜಾನ್ ಉಪವಾಸ, ಯಾವುದೇ ಇರಲಿ, ಆ ದಿನದ ಹಾಳೆ ಬೇರೆಯಾಗಿ ನೋಡಿ.

ನಸುಕಿನ 3 ಗಂಟೆಯ ಇಳಿತದ ಕತೆಯೇ ಬೇರೆ. ಆ ದಿನದ ಹಾಳೆಯಲ್ಲಿ ಶುಗರ್ 120ರಲ್ಲಿ ನೆಟ್ಟಗೆ ಹೋಗುತ್ತಿದ್ದದ್ದು ಇದ್ದಕ್ಕಿದ್ದಂತೆ 60ಕ್ಕೆ ಬಿದ್ದಿದೆ, ಅರ್ಧ ಗಂಟೆ ಅಲ್ಲೇ ಇದ್ದು ಏನೂ ತಿನ್ನದೆ ಮತ್ತೆ 120ಕ್ಕೆ ಬಂದಿದೆ. ಏಕಾದಶಿಯ ಇಳಿತ ಹೀಗಿರಲಿಲ್ಲ, ಅದು ಎರಡು ಮೂರು ಗಂಟೆ ಜಾರುತ್ತಾ ಜಾರುತ್ತಾ ಬಂದಿತ್ತು. ಅಮ್ಮ ಎಡಗಡೆಗೆ ತಿರುಗಿ ಮಲಗುವವರು, ಸೆನ್ಸರ್ ಇದ್ದದ್ದು ಎಡತೋಳಿಗೆ. ಅದು ಅಳೆಯುವುದು ನೇರ ರಕ್ತದ ಶುಗರ್ ಅಲ್ಲ, ಚರ್ಮದ ಕೆಳಗಿನ ನೀರಿನಂಶದಲ್ಲಿರುವ ಶುಗರ್. ತೋಳು ಮೈ ಕೆಳಗೆ ಒತ್ತಿಕೊಂಡರೆ ಅಲ್ಲಿ ಸುಳ್ಳು ಅಂಕಿ ಬರುತ್ತೆ. ಮಗ್ಗುಲು ಬದಲಿಸಿದರೆ ಸರಿಹೋಗುತ್ತೆ. ಮುಂದಿನ ಸಲ ಬಲತೋಳಿಗೆ ಹಾಕಿಸಿದೆವು.

ಹಾಗಂತ ರಾತ್ರಿ ಇಳಿದದ್ದೆಲ್ಲ ಸುಳ್ಳು ಎಂದುಕೊಳ್ಳಬೇಡಿ. ಸೆನ್ಸರಿಗೆ ಜೋಡಿಸಿದ ಮೊಬೈಲ್ ಶುಗರ್ ಇಳಿದಿದೆ ಎಂದು ರಾತ್ರಿ ಕೂಗಿದರೆ ಅವರನ್ನು ಎಬ್ಬಿಸಿ, ಬೆರಳು ಚುಚ್ಚಿ ಗ್ಲುಕೋಮೀಟರಿನಲ್ಲಿ ನೋಡಿ. ಬೆರಳಿನ ಅಂಕಿಗೂ ಸೆನ್ಸರಿನ ಅಂಕಿಗೂ ಹತ್ತಿಪ್ಪತ್ತು ವ್ಯತ್ಯಾಸ ಬಂದರೆ ಗಾಬರಿ ಬೇಡ, ಸೆನ್ಸರ್ ಕೆಲವು ನಿಮಿಷ ಹಿಂದೆ ಇರುತ್ತದೆ. ಆದರೆ ಬೆವರು, ನಡುಕ, ಮಾತು ತೊದಲುವುದು, ಇಲ್ಲವೇ ಸುಮ್ಮನೆ ಸಿಡಿಮಿಡಿ, ಗೊಂದಲ, ಇವು ಇದ್ದು ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತಾ ನಿಲ್ಲಬೇಡಿ. ಮೂರು ಟೀ ಚಮಚ ಸಕ್ಕರೆ ಅರ್ಧ ಲೋಟ ನೀರಿಗೆ ಕದಡಿ ಕುಡಿಸಿ. ಹಾಲು, ಚಾಕೊಲೇಟ್ ಬೇಡ, ಅದರ ಜಿಡ್ಡು ಸಕ್ಕರೆಯನ್ನು ತಡಮಾಡುತ್ತೆ. 15 ನಿಮಿಷ ಬಿಟ್ಟು ಬೆರಳಿನಲ್ಲಿ ನೋಡಿ, ಇನ್ನೂ 70ರ ಕೆಳಗಿದ್ದರೆ ಮತ್ತೆ ಅಷ್ಟೇ ಕೊಡಿ. ಮೇಲೆ ಬಂದ ಮೇಲೆ ಎರಡು ಬಿಸ್ಕತ್ತೋ ಮೊಸರನ್ನವೋ ತಿನ್ನಲೇಬೇಕು, ಏಕಾದಶಿ ಇದ್ದರೂ. ಗ್ಲಿಮೆಪಿರೈಡ್ ಇನ್ನೂ ಒಳಗಿರುವುದರಿಂದ ಮತ್ತೆ ಇಳಿಯಬಹುದು, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ.

ಇಡ್ಲಿಯ ಗುಡ್ಡಕ್ಕೆ ಅಮ್ಮನೇ ಒಂದು ದಾರಿ ಹುಡುಕಿದರು. ನಾಲ್ಕು ಇಡ್ಲಿ ಬದಲು ಎರಡು, ಜೊತೆಗೆ ತರಕಾರಿ ಜಾಸ್ತಿ ಹಾಕಿದ ಸಾಂಬಾರು, ತಿಂದು ಸ್ವಲ್ಪ ಹೊತ್ತಾದ ಮೇಲೆ ಹಿತ್ತಲಿನಲ್ಲಿ ಕಾಲು ಗಂಟೆ ಓಡಾಟ. ಮುಂದಿನ ಸೆನ್ಸರಿನಲ್ಲಿ ಗುಡ್ಡ ಸ್ವಲ್ಪ ತಗ್ಗಿತ್ತು. ತಮ್ಮನಿಗೆ ಅದನ್ನು ತೋರಿಸಿದ್ದು ಅಮ್ಮನೇ.

ಮಾತ್ರೆ ವಿಷಯಕ್ಕೆ ಮಾತ್ರ ನಾವು ಕೈ ಹಾಕಲಿಲ್ಲ. ಗ್ರಾಫ್ ನೋಡಿ ಮನೆಯಲ್ಲೇ ಮಾತ್ರೆ ಅರ್ಧ ಮಾಡುವವರಿದ್ದಾರೆ, ಅದು ಬೇಡವೇ ಬೇಡ. ಉಪವಾಸದ ದಿನ ಯಾವುದನ್ನು ತಗೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಅಮ್ಮನ ಡಾಕ್ಟರು ಚೀಟಿ ಬರೆದುಕೊಟ್ಟರು, ಅದು ಅಮ್ಮನಿಗೆ ಮಾತ್ರ ಹೊಂದುವಂಥದ್ದು. ನಿಮ್ಮ ಮನೆಯದನ್ನು ನಿಮ್ಮ ಡಾಕ್ಟರಿಗೇ ಕೇಳಿ, ಅದೂ ಮುಂದಿನ ಏಕಾದಶಿಗೆ ಮುಂಚೆ. ಹೋಗುವಾಗ ಗ್ರಾಫಿನ ಹಿಂಬದಿಯಲ್ಲಿ ಇಷ್ಟು ಬರೆದುಕೊಳ್ಳಿ: ಮಾತ್ರೆಗಳ ಹೆಸರು, ತಗೊಳ್ಳುವ ಹೊತ್ತು, ಊಟ ತಿಂಡಿಯ ಹೊತ್ತು, ಉಪವಾಸ ಮಾಡಿದ ತಾರೀಖು, ಸೆನ್ಸರ್ ಯಾವ ತೋಳಿಗಿತ್ತು, ಮತ್ತೆ ಸುಸ್ತಾಗಿ ಮಲಗಿದ ದಿನ ಯಾವುದು. ಈ ಕೊನೆಯದನ್ನು ಅವರ ಬಾಯಿಂದಲೇ ಕೇಳಿ ಬರೆಯಿರಿ, ನಾವಾಗಿ ಕೇಳದಿದ್ದರೆ ಅವರು ಹೇಳುವುದಿಲ್ಲ. ನಮಸ್ಕಾರ.