ಶೇ. 134 ಏರಿಕೆ, ಆದರೆ ಯಾವುದಕ್ಕೆ ಹೋಲಿಸಿದರೆ?

[ದೃಶ್ಯ: ಬೈಕಂಪಾಡಿ ಕೈಗಾರಿಕಾ ಪ್ರದೇಶ, ಸಾಲುಗಟ್ಟಿ ನಿಂತ ಲಾರಿಗಳು]

ನಮಸ್ಕಾರ. 2021ರ ಜೂನ್ 11ರಂದು ಕೇಂದ್ರ ಸರ್ಕಾರ ಏಪ್ರಿಲ್ ತಿಂಗಳ ಕೈಗಾರಿಕಾ ಉತ್ಪಾದನಾ ಸೂಚ್ಯಂಕವನ್ನು, ಅಂದರೆ ಐಐಪಿಯನ್ನು ಬಿಡುಗಡೆ ಮಾಡಿತು. ಹಿಂದಿನ ವರ್ಷದ ಏಪ್ರಿಲ್ ಜೊತೆ ಹೋಲಿಸಿದರೆ ಏರಿಕೆ ಶೇ. 134! ಇದನ್ನು ನೋಡಿ ಯಂತ್ರೋಪಕರಣ ಕಂಪನಿಯ ಷೇರು ತಗೋಬಹುದಿತ್ತಾ?

[ತೆರೆಯಲ್ಲಿ: ಏಪ್ರಿಲ್ 2019: ಸುಮಾರು 126 | 2020: 54 | 2021: 126.6]

ಶೇಕಡಾವನ್ನು ಬದಿಗಿಟ್ಟು ಸೂಚ್ಯಂಕವನ್ನೇ ನೋಡಿ. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್‌ನಿಂದ ಕಾರ್ಖಾನೆಗಳು ಮುಚ್ಚಿದ್ದವು, ಸೂಚ್ಯಂಕ 54ಕ್ಕೆ ಬಿದ್ದಿತ್ತು. ಅಲ್ಲಿಂದ 126.6ಕ್ಕೆ ಬಂದರೆ ಶೇ. 134 ಆಗುತ್ತೆ. 2019ರ ಜೊತೆ ಇಟ್ಟು ನೋಡಿದರೆ ಎರಡು ವರ್ಷದಲ್ಲಿ ಬೆಳವಣಿಗೆ ಹೆಚ್ಚುಕಮ್ಮಿ ಸೊನ್ನೆ. ಇದಕ್ಕೇ ಬೇಸ್ ಎಫೆಕ್ಟ್ ಅನ್ನೋದು.

ಇನ್ನೊಂದು ತೊಂದರೆಯೂ ಇತ್ತು. ಆ ಅಂಕಿ ಬರುವ ಹೊತ್ತಿಗೆ ಏಪ್ರಿಲ್ ಮುಗಿದು ಆರು ವಾರ ಕಳೆದಿತ್ತು. ತಯಾರಿಕಾ ವಲಯದ ಪಿಎಂಐ, ಅಂದರೆ ಖರೀದಿ ಮ್ಯಾನೇಜರ್‌ಗಳ ಸಮೀಕ್ಷೆ ಮಾತ್ರ ತಿಂಗಳು ಮುಗಿದ ಕೂಡಲೇ ಬರುತ್ತೆ. ಏಪ್ರಿಲ್‌ನಲ್ಲಿ 55.5 ಇದ್ದ ಪಿಎಂಐ, ಎರಡನೇ ಅಲೆಯ ಮೇ ತಿಂಗಳಲ್ಲಿ 50.8ಕ್ಕೆ ಇಳಿದಿತ್ತು. ಶೇ. 134 ಸುದ್ದಿಯಾಗುವ ಮೊದಲೇ ಈ ಇಳಿಕೆ ಮಾರುಕಟ್ಟೆಗೆ ಗೊತ್ತಿತ್ತು.

[ತೆರೆಯಲ್ಲಿ: ಹೆಚ್ಚಾಗಿದೆ 30 | ಹಾಗೇ ಇದೆ 50 | ಕಡಿಮೆಯಾಗಿದೆ 20]

ಪಿಎಂಐ ಲೆಕ್ಕ ಹೀಗೆ. ಹೊಸ ಆರ್ಡರ್ ಕಳೆದ ತಿಂಗಳಿಗಿಂತ ಹೆಚ್ಚಾಯಿತಾ ಅಂತ ಕಂಪನಿಗಳ ಖರೀದಿ ಮ್ಯಾನೇಜರ್‌ಗಳನ್ನು ಕೇಳ್ತಾರೆ. ನೂರರಲ್ಲಿ 30 ಮಂದಿ ಹೆಚ್ಚು, 50 ಮಂದಿ ಹಾಗೇ ಇದೆ ಅಂದರೆ, 30ಕ್ಕೆ 50ರ ಅರ್ಧ ಸೇರಿಸಿ 55. ಉತ್ಪಾದನೆ, ಉದ್ಯೋಗ ಇತ್ಯಾದಿಗಳಿಗೂ ಇದೇ ಲೆಕ್ಕ, ಎಲ್ಲ ಸೇರಿ ಪಿಎಂಐ. 50ಕ್ಕಿಂತ ಮೇಲಿದ್ದರೆ ಹಿಂದಿನ ತಿಂಗಳಿಗಿಂತ ವಿಸ್ತರಣೆ. ಆದರೆ ಎಷ್ಟು ಹೆಚ್ಚು ಅನ್ನೋದು ಇದರಲ್ಲಿಲ್ಲ. ಕಾರ್ಕಳದ ಗೇರುಬೀಜ ಕಾರ್ಖಾನೆಯೊಂದಕ್ಕೆ ಆರ್ಡರ್ ನೂರಕ್ಕೆ ಐದು ಹೆಚ್ಚಾದರೂ, ಎರಡು ಪಟ್ಟಾದರೂ ಉತ್ತರ ಒಂದೇ: ಹೆಚ್ಚಾಗಿದೆ.

ನಾನಂತೂ ಪಿಎಂಐ ವರದಿಯಲ್ಲಿ ಮೊದಲು ಹುಡುಕೋದು ಕಚ್ಚಾವಸ್ತುಗಳ ಬೆಲೆ ಮತ್ತು ಮಾರಾಟದ ಬೆಲೆಯ ಸಾಲುಗಳನ್ನು. ಮೊದಲನೆಯದು ಬೇಗ ಏರಿ ಎರಡನೆಯದು ನಿಧಾನವಾದರೆ, ಆರ್ಡರ್ ತುಂಬಿದ್ದರೂ ಲಾಭದ ಅಂಚು ಸವೆಯುತ್ತೆ. ನೀವು ನೋಡುತ್ತಿರುವ ಕಂಪನಿಗೂ ಹಾಗೇ ಆಗಿದೆಯಾ ಅಂತ ಅದರ ತ್ರೈಮಾಸಿಕ ಫಲಿತಾಂಶದಲ್ಲೇ ನೋಡಬೇಕು.

[ತೆರೆಯಲ್ಲಿ: ಚಿಲ್ಲರೆ ಹಣದುಬ್ಬರ, ಜುಲೈ 2023: 7.44 | ಜುಲೈ 2024: ಸುಮಾರು 3.5]

ಹಣದುಬ್ಬರದಲ್ಲೂ ಬೇಸ್ ಎಫೆಕ್ಟ್ ಹೀಗೇ ಕಾಡುತ್ತೆ. 2023ರ ಜುಲೈಯಲ್ಲಿ ಟೊಮೆಟೊ ಬೆಲೆ ಗಗನಕ್ಕೇರಿತ್ತು. ಮರುವರ್ಷ ಅದೇ ಎತ್ತರದ ಜೊತೆ ಹೋಲಿಸಿದ್ದರಿಂದ ಅಂಕಿ ರಿಸರ್ವ್ ಬ್ಯಾಂಕಿನ ಗುರಿಯಾದ ಶೇ. 4ಕ್ಕಿಂತ ಕೆಳಗೆ ಬಂತು. ಬಡ್ಡಿ ಇನ್ನೇನು ಇಳಿಯುತ್ತೆ ಅಂತ ಬ್ಯಾಂಕ್, ವಾಹನ ಕಂಪನಿಗಳ ಷೇರು ಕೊಳ್ಳುವ ಮೊದಲು, ಜೂನ್‌ನಿಂದ ಜುಲೈಗೆ ಬೆಲೆ ಸೂಚ್ಯಂಕ ಎತ್ತ ಹೋಯಿತು ಅಂತ ನೋಡಬೇಕಿತ್ತು. ಅದು ಏರಿಯೇ ಇತ್ತು. ಸೆಪ್ಟೆಂಬರ್ ಅಂಕಿ 5.49ಕ್ಕೆ ಹೋಯಿತು, ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ 2025ರ ಫೆಬ್ರುವರಿವರೆಗೂ 6.5ರಲ್ಲೇ ಉಳಿಯಿತು.