ಬೋಟ್ ಇನ್ಶೂರೆನ್ಸ್: ಪಾಲಿಸಿಯಲ್ಲಿ ಮೊದಲು ಹುಡುಕಬೇಕಾದ ಸಾಲು

ಇದು ಮಲ್ಪೆ ಬಂದರು. ಜೂನ್, ಜುಲೈ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಅದಕ್ಕೇ ಎಲ್ಲವೂ ಸಾಲಾಗಿ ನಿಂತಿವೆ. ಬಲೆ ಸರಿಮಾಡುವ, ಬಣ್ಣ ಬಳಿಯುವ ಈ ಹೊತ್ತಿನಲ್ಲೇ ಇನ್ಶೂರೆನ್ಸ್ ಪಾಲಿಸಿಯನ್ನೂ ಬಿಚ್ಚಿ ಓದಿಬಿಡಿ.

ಮೊದಲು ಒಂದು ಸಾಲು ಹುಡುಕಿ: 'ಟೋಟಲ್ ಲಾಸ್ ಓನ್ಲಿ'. ಅದು ಇದ್ದರೆ, ಬೋಟು ಪೂರ್ತಿ ಹೋದರಷ್ಟೇ ದುಡ್ಡು. ಪ್ರೀಮಿಯಂ ಕಡಿಮೆ ಅಂತ ತುಂಬಾ ಜನ ಇದನ್ನೇ ತೆಗೆದುಕೊಳ್ಳುತ್ತಾರೆ.

ಒಂದು ಲೆಕ್ಕ ನೋಡೋಣ. ಅರವತ್ತು ಲಕ್ಷ ಬೆಲೆಯ ಟ್ರಾಲ್ ಬೋಟು ಆಗಸ್ಟ್‌ನಲ್ಲಿ ಮೀನು ತುಂಬಿಕೊಂಡು ಬರುತ್ತಾ ಅಳಿವೆಯ ಹತ್ತಿರ ಬಂಡೆಗೆ ಬಡಿಯಿತು ಅಂದುಕೊಳ್ಳಿ. ತಳ ಒಡೆಯಿತು, ಇಂಜಿನ್‌ಗೆ ನೀರು ನುಗ್ಗಿತು. ಹೇಗೋ ಎಳೆದು ದಡ ಸೇರಿಸಿದರು. ರಿಪೇರಿಗೆ 18 ಲಕ್ಷ. ಬೋಟು ಉಳಿದಿದೆ ಅಲ್ವಾ? ಹಾಗಾಗಿ ಆ ಪಾಲಿಸಿಯಲ್ಲಿ ರಿಪೇರಿಗೆ ಒಂದು ರೂಪಾಯಿಯೂ ಇಲ್ಲ. ಹಲ್ ಪಾಲಿಸಿ ಅಂದರೆ ಬೋಟಿನ ಒಡಲು, ಇಂಜಿನ್‌ಗೆ ಮಾಡಿಸುವ ವಿಮೆ; ಅದು ಭಾಗಶಃ ನಷ್ಟವನ್ನೂ ಸೇರಿಸಿದ್ದಾದರೆ, ಪಾಲಿಸಿಯ ಪ್ರಕಾರ ನಾವೇ ಭರಿಸಬೇಕಾದ ಮೊತ್ತ ಕಳೆದು ಉಳಿದದ್ದು ಬರುತ್ತದೆ. ಎಳೆದು ತಂದ ಖರ್ಚನ್ನೂ ಕೇಳಬಹುದು.

ಆದರೆ ಬ್ಯಾಂಕ್ ಸಾಲದ 40 ಲಕ್ಷಕ್ಕಷ್ಟೇ ವಿಮೆ ಮಾಡಿಸಿದ್ದರೆ? ರಿಪೇರಿ ಖರ್ಚಿನ ಮೂರರಲ್ಲಿ ಎರಡು ಪಾಲು ಮಾತ್ರ ವಿಮಾ ಕಂಪನಿಯದ್ದು, ಅಂದರೆ ಹೆಚ್ಚೆಂದರೆ 12 ಲಕ್ಷ. ಉಳಿದ ಆರು ಲಕ್ಷ ನಿಮ್ಮ ತಲೆಯ ಮೇಲೆ.

ಸರ್ವೇಯರ್ ಬಂದಾಗ ಮುಖ್ಯವಾಗಿ ನೋಡುವುದು ಒಡೆದದ್ದಕ್ಕೆ ಕಾರಣ. ಬೋಟು ನಡೆಸುವ ತಾಂಡೇಲನ ಕೈತಪ್ಪಿನಿಂದ ಬಂಡೆಗೆ ಬಡಿದರೆ ಸಾಮಾನ್ಯವಾಗಿ ಕವರ್ ಇರುತ್ತದೆ. ಹಲಗೆ ಕೊಳೆತು ನೀರು ಬಂದಿದ್ದರೆ ಅದು ಸವೆತ, ಅದಕ್ಕೆ ಕೊಡುವುದಿಲ್ಲ. ಹಲಗೆ ಕೆಟ್ಟಿದೆ ಅಂತ ಗೊತ್ತಿದ್ದೂ ಮಾಲೀಕರೇ ಬೋಟು ಕಳಿಸಿದ್ದರೆ, ಅದರಿಂದಾದ ನಷ್ಟಕ್ಕೂ ಕಂಪನಿ ಹೊಣೆಯಲ್ಲ. ಅದಕ್ಕೇ ಈ ಎರಡು ತಿಂಗಳಲ್ಲಿ ಮಾಡಿಸಿದ ಕೆಲಸದ ಬಿಲ್ಲು, ಫೋಟೋ ಜೋಪಾನ ಮಾಡಿಡಿ. ಅಪಘಾತವಾದ ಕೂಡಲೇ ಕಂಪನಿಗೆ ತಿಳಿಸಿ, ಸರ್ವೇಯರ್ ನೋಡುವ ಮುನ್ನ ಯಾರ್ಡಿನಲ್ಲಿ ಹಲಗೆ ಬಿಚ್ಚಿಸಬೇಡಿ.

ಬಲೆಯ ವಿಷಯ ಬೇರೆಯೇ. ಮೀನು ಹಿಡಿಯುವಾಗ ಕಲ್ಲಿಗೆ ಸಿಕ್ಕಿ ಹರಿದ ಬಲೆಗೆ ಹಲ್ ಪಾಲಿಸಿಯಲ್ಲಿ ಸಾಮಾನ್ಯವಾಗಿ ಪರಿಹಾರವಿಲ್ಲ. ಬೋಟಿನ ಜೊತೆಗೇ ಮುಳುಗಿದರೆ ಅಥವಾ ಬೆಂಕಿಗೆ ಹೋದರೆ ಸಿಗಬಹುದು.

ಇನ್ನು ಒಳಗಿದ್ದ ಮೀನು. ಅದು ಹಲ್ ಪಾಲಿಸಿಗೆ ಸೇರುವುದೇ ಇಲ್ಲ, ಕಾರ್ಗೋ ಕವರ್ ಬೇರೆ ಮಾಡಿಸಬೇಕು. ಅದು ದಕ್ಕೆಯಿಂದ ಲಾರಿಯಲ್ಲಿ ಹೋಗುವ ಮೀನಿಗೂ ಸಿಗುತ್ತದೆ. ಐಸ್ ಹಾಕಿದ ಲಾರಿ ಘಾಟಿಯಲ್ಲಿ ಮಗುಚಿ ಮೀನು ಚೆಲ್ಲಿಹೋದರೆ ಪರಿಹಾರ ಕೇಳಬಹುದು. ರಸ್ತೆ ಬಂದ್ ಆಗಿ ಲಾರಿ ರಾತ್ರಿಯಿಡೀ ನಿಂತು ಮೀನು ಕೆಟ್ಟರೆ ಅದು ತಡದಿಂದಾದ ನಷ್ಟ. ಪಾಲಿಸಿಯಲ್ಲಿ ಬೇರೆ ಬರೆದಿರದಿದ್ದರೆ ಅದಕ್ಕೆ ಕೊಡುವುದಿಲ್ಲ. ಮಳೆಗಾಲದಲ್ಲಿ ಘಾಟಿ ದಾಟಿ ಮೀನು ಕಳಿಸುವವರು ಈ ಒಂದು ಷರತ್ತನ್ನು ಏಜೆಂಟರ ಹತ್ತಿರ ಓದಿಸಿಕೊಂಡೇ ಸಹಿ ಹಾಕಿ.